ಮಕ್ಕಳು ಅಷ್ಟೇ, ಬಿಲ್ ಮಾತ್ರ ಡಬಲ್: ಒಂದು ಕ್ಲೌಡ್ ಬಿಲ್ ಬಿಚ್ಚಿ ನೋಡಿದಾಗ

ಆಗಸ್ಟ್ ಮೊದಲ ವಾರ ಹಳೇ ಕ್ಲಾಸ್‌ಮೇಟ್ ಒಬ್ಬ ಫೋನ್ ಮಾಡಿದ. ದಾವಣಗೆರೆಯಲ್ಲಿ ಸಿಇಟಿ ಕೋಚಿಂಗ್ ನಡೆಸುತ್ತಾನೆ. ಪಾಠದ ವಿಡಿಯೋ, ಟೆಸ್ಟ್, ಅಂಕಪಟ್ಟಿ ಎಲ್ಲ ಒಂದು ಆ್ಯಪ್‌ನಲ್ಲಿದೆ. ಆ ಆ್ಯಪ್ ಇರುವುದು ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯೂಎಸ್‌ನ ಮುಂಬೈ ಕೇಂದ್ರದಲ್ಲಿ.

"ಲೋ, ಜನವರಿಯಲ್ಲಿ ಹದಿನೈದು ಸಾವಿರ ಬಂದಿತ್ತು. ಈಗ ಮೂವತ್ತಾರು ಸಾವಿರ ಬಂದಿದೆ. ಮಕ್ಕಳು ಸ್ವಲ್ಪ ಜಾಸ್ತಿ ಆಗಿದ್ದಾರೆ, ಡಬಲ್ ಏನೂ ಆಗಿಲ್ಲ. ಯಾರೋ ಹ್ಯಾಕ್ ಮಾಡಿರಬೇಕು ನೋಡೋ."

ಹ್ಯಾಕ್ ಆಗಿರಲಿಲ್ಲ. ಹ್ಯಾಕ್ ಆಗಿದ್ದರೆ ಬಿಲ್ ಒಂದೇ ವಾರದಲ್ಲಿ ಗಗನಕ್ಕೇರುತ್ತದೆ. ಇವನದು ತಿಂಗಳಿಗೆ ಸರಾಸರಿ ಮೂರು ನಾಲ್ಕು ಸಾವಿರದಂತೆ ಮೆಲ್ಲಗೆ ಏರಿತ್ತು. ಮೆಲ್ಲಗೆ ಏರುವ ಬಿಲ್ ಅಂದರೆ ಹೆಚ್ಚಾಗಿ ಮನೆಯವರದ್ದೇ ಕೆಲಸ. ಜುಲೈ ಬಿಲ್ಲಿನ ಸಾರಾಂಶದಲ್ಲಿ ಐದಾರು ಸಾಲು ಮಾತ್ರ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಖರ್ಚನ್ನು ಬಿಡಿಸಿ ತೋರಿಸುವ ಕಾಸ್ಟ್ ಎಕ್ಸ್‌ಪ್ಲೋರರ್ ಪುಟ ತೆರೆದು, Group by ಅನ್ನುವ ಕಡೆ Usage type ಆರಿಸಿದರೆ ನಿಜವಾದ ಬಿಲ್ ಕಾಣುತ್ತದೆ. ಚಿಲ್ಲರೆ ಸಾಲುಗಳನ್ನು ಬಿಟ್ಟು, ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ ಇಲ್ಲಿ ಕೊಟ್ಟಿದ್ದೇನೆ. ಕೊನೆಯ ಕಾಲಂ ಡಾಲರ್‌ನಲ್ಲಿದೆ.

```
APS3-BoxUsage:t3.medium        2,232 Hrs     99.99
APS3-EBS:VolumeUsage.gp3         350 GB-Mo   31.92
APS3-TimedStorage-ByteHrs      3,520 GB-Mo   88.00
APS3-DataTransfer-Out-Bytes      400 GB      43.72
APS3-NatGateway-Hours            744 Hrs     41.66
APS3-NatGateway-Bytes            660 GB      36.96
APS3-PublicIPv4:InUseAddress   2,232 Hrs     11.16
APS3-PublicIPv4:IdleAddress      744 Hrs      3.72
```

ಒಟ್ಟು 357.13 ಡಾಲರ್. ಇದರ ಮೇಲೆ 18% ಜಿಎಸ್‌ಟಿ ಸೇರಿದರೆ 421.41. ಲೆಕ್ಕಕ್ಕೆ ಡಾಲರಿಗೆ 85 ರೂಪಾಯಿ ಅಂತ ಹಿಡಿದರೆ ಅವನು ಹೇಳಿದ ಮೂವತ್ತಾರು ಸಾವಿರಕ್ಕೆ ಸರಿಹೋಗುತ್ತದೆ. ಜನವರಿಯದ್ದು ತೆರಿಗೆಗೆ ಮೊದಲು 153.98 ಇತ್ತು. ಅಂದರೆ 203 ಡಾಲರ್ ಹೆಚ್ಚಾಗಿದೆ. ಈ 203ರಲ್ಲಿ ಮಕ್ಕಳಿಂದಾಗಿ ಹೆಚ್ಚಾದದ್ದು ಎಷ್ಟು, ಸುಮ್ನೆ ಸೇರಿಕೊಂಡದ್ದು ಎಷ್ಟು ಅನ್ನುವುದೇ ಪ್ರಶ್ನೆ.

ಸಾಲಿನ ಮುಂದಿರುವ APS3 ಅಂದರೆ ಮುಂಬೈ. ಬೇರೆ ಊರಿನ ಗುರುತು ಕಂಡರೆ ಮೊದಲು ಅಲ್ಲಿಗೇ ಹೋಗಿ ನೋಡಿ. ಯಾರೋ ಕಲಿಯುವಾಗ ಬೇರೆ ಕೇಂದ್ರದಲ್ಲಿ ಏನೋ ಹಚ್ಚಿ ಮರೆತಿರುತ್ತಾರೆ. ಪರದೆಯಲ್ಲಿ ಒಂದು ಸಲಕ್ಕೆ ಒಂದೇ ಕೇಂದ್ರದ ಮಷೀನ್‌ಗಳು ಕಾಣುವುದರಿಂದ ಅದು ಕಣ್ಣಿಗೇ ಬೀಳುವುದಿಲ್ಲ. ಇವನ ಬಿಲ್ಲಿನಲ್ಲಿ ಅದೊಂದು ತೊಂದರೆ ಇರಲಿಲ್ಲ.

ಗಂಟೆಯ ಲೆಕ್ಕ

ಮೊದಲ ಸಾಲು ಕಂಪ್ಯೂಟ್, ಅಂದರೆ ಮಷೀನ್ ಓಡಿದ ಸಮಯ. `t3.medium` ಅಂದರೆ 2 ವರ್ಚುವಲ್ ಸಿಪಿಯು, 4 ಜಿಬಿ ಮೆಮರಿ ಇರುವ ಸಣ್ಣ ಮಷೀನ್. ಮುಂಬೈಯಲ್ಲಿ ಲಿನಕ್ಸ್ ಹಾಕಿದರೆ ಗಂಟೆಗೆ 0.0448 ಡಾಲರ್. 31 ದಿನದ ತಿಂಗಳಲ್ಲಿ 744 ಗಂಟೆ. ಒಂದು ಮಷೀನಿಗೆ 33.33 ಡಾಲರ್ ಆಯಿತು.

ಬಿಲ್ಲಿನಲ್ಲಿ 2,232 ಗಂಟೆ ಇದೆ. 744ರಿಂದ ಭಾಗಿಸಿದರೆ ಸರಿಯಾಗಿ 3 ಬರುತ್ತದೆ. ಮೂರು ಮಷೀನ್ ತಿಂಗಳಿಡೀ ಒಂದು ನಿಮಿಷವೂ ನಿಲ್ಲದೆ ಓಡಿವೆ. ಆದರೆ ಇವನ ಆ್ಯಪ್‌ಗೆ ಬೇಕಾಗಿರುವುದು ಎರಡೇ: ಮುಂದೆ ನಿಂತು ಮಕ್ಕಳ ಮೊಬೈಲಿಗೆ ಉತ್ತರ ಕೊಡುವುದೊಂದು, ಹಿಂದೆ ಡೇಟಾಬೇಸ್ ಇಟ್ಟುಕೊಂಡಿರುವುದೊಂದು. ಮೂರನೆಯದು ಯಾವುದು ಅಂತ ಅಲ್ಲಿ ತಾಂತ್ರಿಕ ಕೆಲಸ ನೋಡಿಕೊಳ್ಳುವ ಹುಡುಗನನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಅದು ಮಾರ್ಚ್‌ನಲ್ಲಿ ಹೊಸ ವರ್ಷನ್ ಟೆಸ್ಟ್ ಮಾಡೋಕೆ ಹಾಕಿದ್ದು ಸರ್" ಅಂದ. ಅದರ ಸಿಪಿಯು ಗ್ರಾಫ್ ನೋಡಿದರೆ 2 ಶೇಕಡಾದ ಹತ್ತಿರ ನೇರ ಗೆರೆ. ಯಾರೂ ಮುಟ್ಟಿಯೇ ಇಲ್ಲ.

ಇಲ್ಲಿ ಬಹಳ ಜನ ಎಡವುತ್ತಾರೆ. ಬಳಸಿದಷ್ಟಕ್ಕೆ ದುಡ್ಡು ಅಂತ ಕ್ಲೌಡ್ ಬಗ್ಗೆ ಎಲ್ಲರೂ ಹೇಳುತ್ತಾರಲ್ವಾ? ಮಷೀನಿನ ವಿಷಯದಲ್ಲಿ ಅದು ಅರ್ಧ ಸತ್ಯ. ಹಿಡಿದಿಟ್ಟುಕೊಂಡಷ್ಟಕ್ಕೆ ದುಡ್ಡು ಅನ್ನಬೇಕು. ಆಟೋದವರನ್ನು ಬಾಗಿಲಲ್ಲಿ ನಿಲ್ಲಿಸಿ ಮದುವೆ ಊಟ ಮಾಡಿ ಬಂದರೆ ವೇಟಿಂಗ್ ಚಾರ್ಜ್ ಬೀಳುತ್ತದೆ. ಗಾಡಿ ಒಂದಡಿ ಮುಂದೆ ಹೋಗಿಲ್ಲ ಅಂತ ವಾದ ಮಾಡೋಕಾಗುತ್ತಾ? ಮಷೀನ್ ಕೆಲಸ ಮಾಡಿದರೂ ಸುಮ್ನೆ ಕೂತರೂ ಗಂಟೆಗೆ ಅದೇ 0.0448. ಲೆಕ್ಕ ನಡೆಯುವುದು ಸೆಕೆಂಡುಗಳಲ್ಲಿ, ಕನಿಷ್ಠ 60 ಸೆಕೆಂಡು. ಲಿನಕ್ಸ್ ಮಷೀನಿಗೆ 2017ರ ಅಕ್ಟೋಬರ್‌ನಿಂದ ಹೀಗೆ ನಡೆದಿದೆ. ಅದಕ್ಕೆ ಮುಂಚೆ ಐದು ನಿಮಿಷ ಹಚ್ಚಿದರೂ ಪೂರ್ತಿ ಗಂಟೆಯ ದುಡ್ಡು.

ಈ `t3` ಜಾತಿಯ ಮಷೀನಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಇದು ಅಗ್ಗ ಯಾಕೆ ಅಂದರೆ ಸಿಪಿಯು ಪೂರ್ತಿ ನಮ್ಮದಲ್ಲ. `t3.medium` ಆದರೆ ಸರಾಸರಿ 20 ಶೇಕಡಾ ಮಾತ್ರ ನಮ್ಮ ಪಾಲು. ಅದಕ್ಕಿಂತ ಕಡಿಮೆ ಬಳಸಿದಾಗ ಕ್ರೆಡಿಟ್ ಉಳಿಯುತ್ತದೆ, ಜಾಸ್ತಿ ಬೇಕಾದಾಗ ಅದನ್ನು ಖರ್ಚು ಮಾಡಬಹುದು. ಉಳಿತಾಯ ಮುಗಿದ ಮೇಲೂ ಮಷೀನ್ ನಿಧಾನ ಆಗುವುದಿಲ್ಲ, ಯಾಕೆಂದರೆ ಅನ್‌ಲಿಮಿಟೆಡ್ ಅನ್ನುವ ವ್ಯವಸ್ಥೆ ಮೊದಲಿಂದಲೇ ಆನ್ ಆಗಿರುತ್ತದೆ. ಹೆಚ್ಚು ಬಳಸಿದ್ದಕ್ಕೆ ಪ್ರತಿ ಸಿಪಿಯು ಗಂಟೆಗೆ 0.05 ಡಾಲರ್ ಬೇರೆ ಬೀಳುತ್ತದೆ. ಎರಡೂ ಸಿಪಿಯು ಸದಾ ನೂರು ಶೇಕಡಾ ಓಡಿದರೆ ಈ ಹೆಚ್ಚುವರಿಯೇ ಗಂಟೆಗೆ 0.08. ಮಷೀನಿನ ಬಾಡಿಗೆಗಿಂತ ಜಾಸ್ತಿ! ಬಿಲ್ಲಿನಲ್ಲಿ CPUCredits ಅನ್ನುವ ಸಾಲು ಕಂಡರೆ ಇದೇ ಕಾರಣ. ಅದು ತಿಂಗಳು ತಿಂಗಳೂ ದೊಡ್ಡದಾಗಿ ಬರುತ್ತಿದ್ದರೆ ಬೇರೆ ಜಾತಿಯ ಮಷೀನಿಗೆ ಹೋಗುವುದೇ ಅಗ್ಗ. ಗೆಳೆಯನ ಮಷೀನ್‌ಗಳು ಅಷ್ಟು ದುಡಿಯುವುದಿಲ್ಲ, ಹಾಗಾಗಿ ಆ ಸಾಲು ಇರಲಿಲ್ಲ.

ಮೂರನೇ ಮಷೀನಿನ 33.33 ಡಾಲರ್ ಪತ್ತೆ ಆಯಿತು. ಹುಡುಗ ಕೂಡಲೇ ಅದನ್ನು ನಿಲ್ಲಿಸಿದ. "ಇನ್ನು ಇದಕ್ಕೆ ಝೀರೋ ಅಲ್ವಾ ಸರ್?" ಅಂತ ಕೇಳಿದ. ಅಲ್ಲ. ಅದರ ಡಿಸ್ಕ್ ಇನ್ನೂ ಅಲ್ಲೇ ಇದೆಯಲ್ಲ.

ಗೋಡೌನ್ ಬಾಡಿಗೆ

ಮಷೀನ್ ನಿಲ್ಲಿಸುವುದು ಬೇರೆ, ತೆಗೆದುಹಾಕುವುದು ಬೇರೆ. ನಿಲ್ಲಿಸಿದರೆ ಗಂಟೆಯ ಲೆಕ್ಕ ನಿಲ್ಲುತ್ತದೆ. ಡಿಸ್ಕ್ ಮಾತ್ರ ಹಾಗೇ ಇರುತ್ತದೆ, ಅದರ ಬಾಡಿಗೆ ಬೇರೆ. ಮುಂಬೈಯಲ್ಲಿ ಸಾಮಾನ್ಯ `gp3` ಡಿಸ್ಕಿಗೆ ತಿಂಗಳಿಗೆ ಒಂದು ಜಿಬಿಗೆ 0.0912 ಡಾಲರ್. 50 ಜಿಬಿ ಡಿಸ್ಕಿಗೆ 4.56. ಅದರಲ್ಲಿ 5 ಜಿಬಿ ತುಂಬಿದ್ದರೂ ಅಷ್ಟೇ, 49 ತುಂಬಿದ್ದರೂ ಅಷ್ಟೇ. ಗೋಡೌನ್ ಖಾಲಿ ಇದೆ ಅಂತ ಮಾಲೀಕ ಬಾಡಿಗೆ ಬಿಡುತ್ತಾನಾ?

ಬಿಲ್ಲಿನಲ್ಲಿ 350 ಜಿಬಿ ಇತ್ತು. ಮೂರು ಮಷೀನಿಗೆ ತಲಾ 50ರಂತೆ 150 ಆಯಿತು. ಉಳಿದ 200 ಎಲ್ಲಿಂದ ಬಂತು? ಇದನ್ನು ಹುಡುಕುವ ಕಮಾಂಡ್ ಇದು:

```
aws ec2 describe-volumes \
  --filters Name=status,Values=available \
  --query "Volumes[].[VolumeId,Size,CreateTime]" \
  --output table
```

ಇಲ್ಲಿ `available` ಅನ್ನುವ ಪದ ಮೋಸ ಮಾಡುತ್ತದೆ. ಓದಿದರೆ ಏನೋ ಒಳ್ಳೆಯದು ಅನ್ನಿಸುತ್ತದೆ. ನಿಜವಾಗಿ ಅದರ ಅರ್ಥ, ಈ ಡಿಸ್ಕ್ ಯಾವ ಮಷೀನಿಗೂ ಅಂಟಿಕೊಂಡಿಲ್ಲ ಅಂತ. ಮಷೀನಿಗೆ ಅಂಟಿರುವ ಡಿಸ್ಕ್ `in-use` ಅಂತ ತೋರಿಸುತ್ತದೆ. ಕಮಾಂಡ್ ಓಡಿಸಿದಾಗ 100 ಜಿಬಿಯ ಎರಡು ಡಿಸ್ಕ್ ಸಿಕ್ಕವು. ಎರಡೂ ಫೆಬ್ರವರಿಯಲ್ಲಿ ಹುಟ್ಟಿದ್ದವು. ಆಗ ಒಮ್ಮೆ ಮಾದರಿ ಪರೀಕ್ಷೆಗೆ ಎಷ್ಟು ಮಕ್ಕಳು ಒಟ್ಟಿಗೆ ಬಂದರೆ ಆ್ಯಪ್ ತಡೆಯುತ್ತದೆ ಅಂತ ನೋಡಲು ಎರಡು ಮಷೀನ್ ಹಾಕಿದ್ದರಂತೆ. ಮಷೀನ್‌ಗಳನ್ನು ಆಮೇಲೆ ಅಳಿಸಿದ್ದರು, ಅದು ಸರಿಯೇ. ಆದರೆ ಮಷೀನ್ ಅಳಿಸಿದಾಗ ಅದರ ಮೂಲ ಡಿಸ್ಕ್ ಮಾತ್ರ ತಾನಾಗಿ ಹೋಗುತ್ತದೆ. ಆಮೇಲೆ ಬೇರೆಯಾಗಿ ಜೋಡಿಸಿದ ಡಿಸ್ಕ್ ಉಳಿದುಬಿಡುತ್ತದೆ. ಅದರಲ್ಲಿ ಮುಖ್ಯವಾದ ಡೇಟಾ ಇದ್ದರೆ ಅಂತ ಜಾಗ್ರತೆಗೆ ಹೀಗೆ ಮಾಡಿದ್ದಾರೆ, ನನಗೂ ಇದು ನ್ಯಾಯ ಅನ್ನಿಸುತ್ತದೆ. ಆದರೂ ತಿಂಗಳಿಗೆ 18 ಡಾಲರ್‌ನಂತೆ ಐದಾರು ತಿಂಗಳು ಹೋಯಿತು.

ಅದೇ ಎರಡು ಮಷೀನ್‌ಗಳಲ್ಲಿ ಒಂದಕ್ಕೆ ಕೊಟ್ಟಿದ್ದ ಖಾಯಂ ಐಪಿ ವಿಳಾಸವೂ ಹಾಗೇ ಉಳಿದಿತ್ತು. ಬಿಲ್ಲಿನ ಕೊನೆಯ ಸಾಲು IdleAddress ಅದೇ. ಹೊರಗಿನವರಿಗೆ ಕಾಣುವ ಐಪಿವಿ4 ವಿಳಾಸಕ್ಕೆ ಎಡಬ್ಲ್ಯೂಎಸ್ 2024ರ ಫೆಬ್ರವರಿ 1ರಿಂದ ಗಂಟೆಗೆ 0.005 ಡಾಲರ್ ಹಾಕುತ್ತದೆ, ಬಳಸಿದರೂ ಬಳಸದಿದ್ದರೂ. ತಿಂಗಳಿಗೆ 3.72. ಸಣ್ಣದು. ಆದರೆ ಹತ್ತಿಪ್ಪತ್ತು ವಿಳಾಸ ಇಟ್ಟುಕೊಂಡಿರುವ ಆಫೀಸ್‌ಗಳಿಗೆ ಅದು ಒಂದು ಒಳ್ಳೆ ಮಷೀನಿನ ಬಾಡಿಗೆ ಆಗುತ್ತದೆ.

ಇಷ್ಟೆಲ್ಲ ಆದ ಮೇಲೂ ಡಿಸ್ಕ್, ಮಷೀನ್, ಮೂರನೇ ಮಷೀನಿನದ್ದೂ ಸೇರಿ ಎರಡು ವಿಳಾಸ, ಎಲ್ಲದರಿಂದ ಏರಿದ್ದು 64 ಡಾಲರ್ ಮಾತ್ರ. 203ಕ್ಕೆ ಇನ್ನೂ ತುಂಬಾ ಬಾಕಿ. ದೊಡ್ಡ ಮೀನು ಬೇರೆ ಕಡೆ ಇತ್ತು.

ರಾತ್ರಿ ಎರಡು ಗಂಟೆಯ ಬ್ಯಾಕಪ್

ಬಿಲ್ಲಿನ ಮೂರನೇ ಸಾಲು TimedStorage-ByteHrs. ಇದು ಎಸ್3, ಅಂದರೆ ಫೈಲ್ ಇಡುವ ಜಾಗ. ಪಾಠದ ವಿಡಿಯೋಗಳು 200 ಜಿಬಿ ಅಲ್ಲಿವೆ. ಜಿಬಿಗೆ ತಿಂಗಳಿಗೆ 0.025 ಡಾಲರ್, ಹಾಗಾಗಿ ಜನವರಿಯಲ್ಲಿ 5 ಡಾಲರ್ ಬಂದಿತ್ತು. ಯಾರ ಗಮನಕ್ಕೂ ಬಾರದ ಮೊತ್ತ. ಜುಲೈಯಲ್ಲಿ ಅದೇ ಸಾಲು 88 ಡಾಲರ್.

ಫೆಬ್ರವರಿ 1ರಂದು ಹುಡುಗ ಒಂದು ಒಳ್ಳೆ ಕೆಲಸ ಮಾಡಿದ್ದ. ಅಲ್ಲಿಯತನಕ ಡೇಟಾಬೇಸಿಗೆ ಬ್ಯಾಕಪ್ ಇರಲಿಲ್ಲ. ರಾತ್ರಿ ಎರಡು ಗಂಟೆಗೆ ಪೂರ್ತಿ ಡೇಟಾಬೇಸನ್ನು ಒಂದು ಫೈಲ್ ಮಾಡಿ ಎಸ್3ಗೆ ಕಳಿಸುವ ಸ್ಕ್ರಿಪ್ಟ್ ಬರೆದ. ಫೈಲ್ 20 ಜಿಬಿ. ಜಿಪ್ ಮಾಡಿರಲಿಲ್ಲ. ಹಳೆಯದನ್ನು ಅಳಿಸುವ ಸಾಲು ಬರೆಯಲಿಲ್ಲ, ಆಮೇಲೆ ಮಾಡೋಣ ಅಂದುಕೊಂಡ. ಆ ಆಮೇಲೆ ಬರಲೇ ಇಲ್ಲ.

ಮೊದಲ ದಿನ ಇದಕ್ಕೆ ಆಗುವ ಖರ್ಚು ಕಾಣುವುದೇ ಇಲ್ಲ. 20 ಜಿಬಿ ಒಂದು ತಿಂಗಳು ಇಟ್ಟರೆ ಅರ್ಧ ಡಾಲರ್. ಆದರೆ ಎರಡನೇ ದಿನ 40, ಮೂರನೇ ದಿನ 60. ಜುಲೈ 31ಕ್ಕೆ 181 ಫೈಲ್, 3,620 ಜಿಬಿ. ಇಲ್ಲಿ ಏರುತ್ತಿರುವುದು ಕೆಲಸ ಅಲ್ಲ. ದಿನಕ್ಕೆ ಮಾಡುವ ಕೆಲಸ ಮೊದಲಿನಷ್ಟೇ ಇದೆ, ರಾಶಿ ಬೆಳೆಯುತ್ತಿದೆ. ಪ್ರತಿ ತಿಂಗಳು ಹಿಂದಿನ ತಿಂಗಳಿಗಿಂತ 15 ಡಾಲರ್ ಜಾಸ್ತಿ. ಯಾವ ಒಂದು ತಿಂಗಳೂ ಬೆಚ್ಚಿಬೀಳುವಷ್ಟು ಜಿಗಿಯುವುದಿಲ್ಲ, ಆದರೆ ಏರುವುದು ನಿಲ್ಲುವುದೂ ಇಲ್ಲ. ಗ್ರಾಫಿನಲ್ಲಿ ಇದು ಒಂದೇ ಸಮನೆ ಏರುವ ಓರೆ ಗೆರೆಯಾಗಿ ಕಾಣುತ್ತದೆ. ಮಷೀನ್ ಮರೆತದ್ದಾದರೆ ಮೆಟ್ಟಿಲಿನ ಹಾಗೆ ಒಮ್ಮೆ ಏರಿ ಅಲ್ಲೇ ನಿಲ್ಲುತ್ತದೆ. ಬಿಲ್ ನೋಡುವಾಗ ನಾನು ಅಂಕಿಗಿಂತ ಮೊದಲು ನೋಡುವುದು ಈ ಆಕಾರವನ್ನೇ.

ಬಿಲ್ಲಿನಲ್ಲಿ 3,620 ಬದಲು ಬ್ಯಾಕಪ್ ಪಾಲು 3,320 ಅಂತ ಲೆಕ್ಕ ಆಗಿತ್ತು, ವಿಡಿಯೋದ 200 ಸೇರಿ 3,520. ಹುಡುಗನಿಗೆ ಇದು ಅರ್ಥ ಆಗಲಿಲ್ಲ. GB-Mo ಅಂದರೆ ತಿಂಗಳ ಕೊನೆಯಲ್ಲಿ ಎಷ್ಟಿದೆ ಅಂತ ಅಲ್ಲ, ತಿಂಗಳಿಡೀ ಸರಾಸರಿ ಎಷ್ಟಿತ್ತು ಅಂತ. ಜುಲೈ ಮೊದಲ ದಿನ 151 ಫೈಲ್, ಕೊನೆಯ ದಿನ 181, ಸರಾಸರಿ 166. ಅದನ್ನು 20ರಿಂದ ಗುಣಿಸಿದರೆ 3,320. ಈ ಸರಾಸರಿ ಲೆಕ್ಕ ಮುಂದೆ ಇನ್ನೊಮ್ಮೆ ಬೇಕಾಗುತ್ತದೆ.

ದಾರಿಯಲ್ಲಿ ಟೋಲ್

ಈಗ ಡೇಟಾ ಓಡಾಟಕ್ಕೆ ಬರೋಣ. ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವುದು ಇಲ್ಲೇ, ಯಾಕೆಂದರೆ ಒಂದೇ ಜಿಬಿಗೆ ಅದು ಯಾವ ದಾರಿಯಲ್ಲಿ ಹೋಯಿತು ಅನ್ನುವುದರ ಮೇಲೆ ದರ ಬೇರೆಯಾಗುತ್ತದೆ.

ಇಂಟರ್ನೆಟ್‌ನಿಂದ ಒಳಗೆ ಬರುವುದಕ್ಕೆ ದುಡ್ಡಿಲ್ಲ. ಎಷ್ಟು ಬೇಕಾದರೂ ಅಪ್‌ಲೋಡ್ ಮಾಡಿ. ಹೊರಗೆ ಹೋಗುವುದಕ್ಕೆ ಮುಂಬೈಯಿಂದ ಜಿಬಿಗೆ 0.1093 ಡಾಲರ್, ತಿಂಗಳಿಗೆ ಮೊದಲ 100 ಜಿಬಿ ಉಚಿತ. 250 ಎಂಬಿಯ ಒಂದು ಪಾಠವನ್ನು ಒಬ್ಬ ಹುಡುಗಿ ಒಮ್ಮೆ ನೋಡಿದರೆ 2.7 ಸೆಂಟ್, ಅಂದರೆ ಎರಡು ರೂಪಾಯಿ ಚಿಲ್ಲರೆ. ಅದೇ ಪಾಠವನ್ನು ಒಂದು ತಿಂಗಳು ಎಸ್3ಯಲ್ಲಿ ಇಡುವ ಖರ್ಚಿಗೆ ಹೋಲಿಸಿದರೆ ಒಂದು ಸಲ ತೋರಿಸುವ ಖರ್ಚು ನಾಲ್ಕು ಪಟ್ಟಿಗಿಂತ ಜಾಸ್ತಿ. ಇಡುವುದು ಅಗ್ಗ, ಕೊಡುವುದು ದುಬಾರಿ.

ಜನವರಿಯಲ್ಲಿ 300 ಜಿಬಿ ಹೊರಗೆ ಹೋಗಿತ್ತು, ಜುಲೈಯಲ್ಲಿ 500. ಉಚಿತದ 100 ಕಳೆದು ಜುಲೈ ಬಿಲ್ಲಿನಲ್ಲಿ 400 ಅಂತ ಇದೆ. ಇದು ಮಕ್ಕಳು ನಿಜವಾಗಿ ಪಾಠ ನೋಡಿದ್ದರ ಲೆಕ್ಕ. ಏರಿದ್ದು 21.86 ಡಾಲರ್. ಗೆಳೆಯನಿಗೆ ಹೇಳಿದೆ: 203ರಲ್ಲಿ ನಿನ್ನ ವ್ಯಾಪಾರ ಬೆಳೆದದ್ದರಿಂದ ಏರಿದ್ದು ಇಷ್ಟೇ.

ಕೊನೆಗೆ ಉಳಿದದ್ದು ನ್ಯಾಟ್ ಗೇಟ್‌ವೇ. ಡೇಟಾಬೇಸ್ ಇರುವ ಮಷೀನಿಗೆ ಹೊರಗಿನ ವಿಳಾಸ ಇಲ್ಲ. ಯಾರೂ ನೇರವಾಗಿ ಬಾಗಿಲು ತಟ್ಟಬಾರದು ಅಂತ ಅದನ್ನು ಒಳಮನೆಯಲ್ಲಿ ಇಟ್ಟಿದ್ದಾರೆ, ಅದು ಸರಿ. ಆದರೆ ಅದಕ್ಕೂ ಆಗಾಗ ಸಾಫ್ಟ್‌ವೇರ್ ಅಪ್‌ಡೇಟ್ ತರಲು ಹೊರಗೆ ಹೋಗಬೇಕಾಗುತ್ತದೆ. ಹಾಗೆ ಹೋಗಿ ಬರುವ ಬಾಗಿಲೇ ನ್ಯಾಟ್ ಗೇಟ್‌ವೇ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ತಾವಾಗಿ ಒಳಗೆ ಬರುವಂತಿಲ್ಲ. ಈ ಬಾಗಿಲಿಗೆ ಎರಡು ಥರ ದುಡ್ಡು. ಇದ್ದದ್ದಕ್ಕೇ ಗಂಟೆಗೆ 0.056 ಡಾಲರ್. ಅದರ ಮೂಲಕ ಹಾದುಹೋದ ಪ್ರತಿ ಜಿಬಿಗೆ, ಯಾವ ದಿಕ್ಕಿಗೆ ಹೋದರೂ, ಮತ್ತೆ 0.056. ಟೋಲ್ ಗೇಟ್ ಥರ. ಒಂದು ಗಮನಿಸಿ, ಬರೀ ಬಾಗಿಲಿನ ಬಾಡಿಗೆಯೇ ಒಂದು `t3.medium` ಮಷೀನಿಗಿಂತ ಜಾಸ್ತಿ.

ಜನವರಿಯಲ್ಲಿ ಇದರ ಮೂಲಕ 40 ಜಿಬಿ ಹೋಗಿತ್ತು. ಜುಲೈಯಲ್ಲಿ 660. ಹೆಚ್ಚಾದದ್ದು 620. 31ರಿಂದ ಭಾಗಿಸಿ ನೋಡಿ, ದಿನಕ್ಕೆ 20 ಜಿಬಿ. ಈ ಅಂಕಿ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ರಾತ್ರಿಯ ಅದೇ ಬ್ಯಾಕಪ್. ಡೇಟಾಬೇಸ್ ಮಷೀನ್ ಮುಂಬೈಯಲ್ಲಿದೆ, ಎಸ್3ಯಲ್ಲಿ ಫೈಲ್‌ಗಳನ್ನು ತುಂಬಿಡುವ ಬಕೆಟ್ಟೂ ಮುಂಬೈಯಲ್ಲೇ ಇದೆ. ಆದರೂ ಎಸ್3ಗೆ ಇರುವುದು ಹೊರಗಿನ ವಿಳಾಸ. ಒಳಮನೆಯ ಮಷೀನಿಗೆ ಅಲ್ಲಿಗೆ ಹೋಗಲು ಬೇರೆ ದಾರಿ ಹೇಳಿಕೊಡದಿದ್ದರೆ ಅದು ನ್ಯಾಟ್ ಬಾಗಿಲಿನಿಂದಲೇ ಹೋಗುತ್ತದೆ. ಪಕ್ಕದ ಮನೆಗೆ ಹೋಗೋಕೆ ಹೈವೇ ಹತ್ತಿ, ಟೋಲ್ ಕಟ್ಟಿ, ಸುತ್ತು ಹಾಕಿ ಬಂದ ಹಾಗೆ. ಅದಕ್ಕೆ 34.72 ಡಾಲರ್.

ಇದನ್ನು ಕಂಡುಹಿಡಿಯುವುದು ಕಷ್ಟ ಆಗಲು ಇನ್ನೊಂದು ಕಾರಣ ಇದೆ. ಕಾಸ್ಟ್ ಎಕ್ಸ್‌ಪ್ಲೋರರ್‌ನಲ್ಲಿ ಸೇವೆಯ ಪ್ರಕಾರ ನೋಡಿದರೆ ನ್ಯಾಟ್ ಗೇಟ್‌ವೇ ಅನ್ನುವ ಹೆಸರೇ ಸಿಗುವುದಿಲ್ಲ. ಡಿಸ್ಕಿನ ಜೊತೆ ಸೇರಿ EC2-Other ಅನ್ನುವ ಗೋಣಿಚೀಲದಲ್ಲಿ ಕೂತಿರುತ್ತದೆ. ಹುಡುಗ ತಿಂಗಳು ತಿಂಗಳೂ ಮಷೀನಿನ ಪಟ್ಟಿ ನೋಡಿ ಎಲ್ಲ ಸರಿ ಇದೆ ಅಂದುಕೊಳ್ಳುತ್ತಿದ್ದ. ತಪ್ಪು ಅವನದ್ದು ಅನ್ನಲು ನನಗೆ ಮನಸ್ಸು ಬರಲಿಲ್ಲ. Other ಅಂತ ಬರೆದಿದ್ದರೆ ಯಾರಾದರೂ ಚಿಲ್ಲರೆ ಖರ್ಚು ಅಂದುಕೊಳ್ಳುತ್ತಾರೆ.

ಅಂದ ಹಾಗೆ, ಒಂದೇ ಕೇಂದ್ರದ ಒಳಗೂ ಟೋಲ್ ಇದೆ. ಮುಂಬೈ ಕೇಂದ್ರ ಅಂದರೆ ಒಂದೇ ಕಟ್ಟಡ ಅಲ್ಲ, ಬೇರೆ ಬೇರೆ ಝೋನ್‌ಗಳಿವೆ. ಆ್ಯಪ್ ಒಂದು ಝೋನ್‌ನಲ್ಲಿ, ಡೇಟಾಬೇಸ್ ಇನ್ನೊಂದರಲ್ಲಿ ಇದ್ದರೆ ಮಧ್ಯೆ ಓಡಾಡುವ ಪ್ರತಿ ಜಿಬಿಗೆ ಎರಡೂ ಕಡೆ 0.01ರಂತೆ ಬೀಳುತ್ತದೆ. ಇವನವು ಎರಡೂ ಒಂದೇ ಝೋನ್‌ನಲ್ಲಿದ್ದು ಒಳಗಿನ ವಿಳಾಸದಲ್ಲೇ ಮಾತಾಡುತ್ತಿದ್ದವು, ಹಾಗಾಗಿ ಬಚಾವ್.

ಸರಿಮಾಡಿದ್ದು

ನ್ಯಾಟ್ ವಿಷಯ ಐದು ನಿಮಿಷದ ಕೆಲಸ. ಎಸ್3ಗೆ ಗೇಟ್‌ವೇ ಎಂಡ್‌ಪಾಯಿಂಟ್ ಅನ್ನುವ ಒಳದಾರಿ ಮಾಡಿಕೊಳ್ಳಬಹುದು. ಅದಕ್ಕೆ ಗಂಟೆಯ ಬಾಡಿಗೆಯೂ ಇಲ್ಲ, ಜಿಬಿ ಲೆಕ್ಕವೂ ಇಲ್ಲ.

```
aws ec2 create-vpc-endpoint \
  --vpc-id vpc-xxxx \
  --service-name com.amazonaws.ap-south-1.s3 \
  --route-table-ids rtb-xxxx
```

ಇಲ್ಲಿ `rtb` ಜಾಗದಲ್ಲಿ ಡೇಟಾಬೇಸ್ ಮಷೀನ್ ಬಳಸುವ ರೂಟ್ ಟೇಬಲ್ಲನ್ನೇ, ಅಂದರೆ ಯಾವ ಕಡೆಗೆ ಯಾವ ದಾರಿ ಅಂತ ಹೇಳುವ ಪಟ್ಟಿಯನ್ನೇ ಕೊಡಬೇಕು. ಬೇರೆ ಕೊಟ್ಟರೆ ಕಮಾಂಡ್ ಯಶಸ್ವಿ ಅಂತ ಹೇಳುತ್ತದೆ, ಬ್ಯಾಕಪ್ ಮಾತ್ರ ಹಳೇ ದಾರಿಯಲ್ಲೇ ಹೋಗುತ್ತಿರುತ್ತದೆ. ಎರಡು ದಿನ ಬಿಟ್ಟು NatGateway-Bytes ಸಾಲನ್ನು ದಿನದ ಲೆಕ್ಕದಲ್ಲಿ ನೋಡಿ. 20 ಜಿಬಿ ಕಣ್ಮರೆಯಾಗಿದ್ದರೆ ಸರಿಯಾಗಿದೆ. ಇನ್ನೊಂದು, ಈ ಒಳದಾರಿ ಅದೇ ಕೇಂದ್ರದ ಬಕೆಟ್‌ಗೆ ಮಾತ್ರ. ಬಕೆಟ್ ಬೇರೆ ಕೇಂದ್ರದಲ್ಲಿದ್ದರೆ ಉಪಯೋಗಕ್ಕೆ ಬಾರದು.

ಹಳೇ ಬ್ಯಾಕಪ್‌ಗಳಿಗೆ ಬಕೆಟ್ ಮೇಲೆ ಒಂದು ನಿಯಮ ಹಾಕಿದೆವು: `backup/` ಹೆಸರಿನಲ್ಲಿ ಶುರುವಾಗುವ ಫೈಲ್‌ಗಳು 30 ದಿನ ಆದ ಮೇಲೆ ಹೋಗಲಿ. ಆಗ ಬ್ಯಾಕಪ್ 600 ಜಿಬಿ, ವಿಡಿಯೋ 200, ಸೇರಿ 800; ಎಸ್3 ತಿಂಗಳಿಗೆ ಇಪ್ಪತ್ತು ಡಾಲರ್ ಆಗುತ್ತದೆ ಅಂತ ಗೆಳೆಯನಿಗೆ ಹೇಳಿದೆ. ಇದನ್ನು ಹಾಕುವ ಮುಂಚೆ ಬಕೆಟ್ಟಿಗೆ ವರ್ಷನಿಂಗ್ ಆನ್ ಆಗಿದೆಯಾ ನೋಡಲೇಬೇಕು. ಆನ್ ಆಗಿದ್ದರೆ ಅಳಿಸಿದ ಫೈಲ್ ನಿಜವಾಗಿ ಹೋಗುವುದಿಲ್ಲ, ಹಳೇ ಪ್ರತಿ ಅಂತ ಒಳಗೇ ಉಳಿದು ಅಷ್ಟೇ ಬಾಡಿಗೆ ತಿನ್ನುತ್ತದೆ. ಪಟ್ಟಿಯಲ್ಲಿ ಫೈಲ್ ಕಾಣುವುದಿಲ್ಲ, ಬಿಲ್ ಇಳಿಯುವುದಿಲ್ಲ. ಆಗ `NoncurrentVersionExpiration` ಅನ್ನುವ ನಿಯಮವನ್ನೂ ಸೇರಿಸಬೇಕು. ಇವರ ಬಕೆಟ್‌ನಲ್ಲಿ ವರ್ಷನಿಂಗ್ ಇರಲಿಲ್ಲ.

ಅನಾಥ ಡಿಸ್ಕ್ ಅಳಿಸಲು ಹುಡುಗ ಹಿಂದೇಟು ಹಾಕಿದ. ಅದರಲ್ಲಿ ಏನಿದೆಯೋ ಗೊತ್ತಿಲ್ಲ ಅಂದ. ಭಯ ನ್ಯಾಯವಾದದ್ದೇ. ಒಂದು ಮಷೀನಿಗೆ ಜೋಡಿಸಿ ತೆರೆದು ನೋಡಿದೆವು. ಬರೀ ಪರೀಕ್ಷೆಯ ಲಾಗ್ ಫೈಲ್‌ಗಳು. ಅಳಿಸಿದೆವು. ಖಾಲಿ ಐಪಿಯನ್ನೂ ಬಿಟ್ಟುಕೊಟ್ಟೆವು. ಟೆಸ್ಟ್ ಮಷೀನ್ ಮುಂದೆಯೂ ಬೇಕಂತೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ ಹಚ್ಚಿ ಸಂಜೆ ನಿಲ್ಲಿಸುವ ಹಾಗೆ ಮಾಡಿದೆವು. ದಿನಕ್ಕೆ 8 ಗಂಟೆ, 22 ದಿನ, ಒಟ್ಟು 176 ಗಂಟೆ. 33.33 ಇದ್ದದ್ದು 7.88 ಆಗುತ್ತದೆ. ಅದರ ಡಿಸ್ಕಿನ 4.56 ಹಾಗೇ ಇರುತ್ತದೆ.

ಇದನ್ನೆಲ್ಲ ಸೇರಿಸಿ 31 ದಿನದ ತಿಂಗಳಿಗೆ ಲೆಕ್ಕ ಹಾಕಿದರೆ 204 ಡಾಲರ್ ಬಂತು. 357ರಿಂದ 204. ಮಕ್ಕಳಿಗೆ ಏನೂ ವ್ಯತ್ಯಾಸ ಆಗಿಲ್ಲ. ವಿಡಿಯೋಗಳನ್ನು ಎಸ್3ಯಿಂದ ನೇರವಾಗಿ ಕೊಡುವ ಬದಲು, ನೋಡುವವರಿಗೆ ಹತ್ತಿರದ ಸರ್ವರ್‌ನಿಂದ ಫೈಲ್ ಹಂಚುವ ಎಡಬ್ಲ್ಯೂಎಸ್‌ನದ್ದೇ ಸೇವೆ ಕ್ಲೌಡ್‌ಫ್ರಂಟ್ ಮೂಲಕ ಕೊಟ್ಟರೆ ಇನ್ನೂ ಇಳಿಯುತ್ತದೆ. ಎಸ್3ಯಿಂದ ಅಲ್ಲಿಗೆ ಹೋಗುವುದಕ್ಕೆ ದುಡ್ಡಿಲ್ಲ, ಅಲ್ಲಿಂದ ಹೊರಗೆ ತಿಂಗಳಿಗೆ 1 ಟಿಬಿ ಉಚಿತ. ಇವನ 500 ಜಿಬಿ ಅದರೊಳಗೆ ಆರಾಮಾಗಿ ಹಿಡಿಯುತ್ತದೆ. ಆದರೆ ದುಡ್ಡು ಕಟ್ಟಿದ ಮಕ್ಕಳಿಗೆ ಮಾತ್ರ ವಿಡಿಯೋ ಕಾಣುವ ಹಾಗೆ ಲಿಂಕ್ ಮಾಡುವ ಕೋಡ್ ಬದಲಾಯಿಸಬೇಕು. ಪರೀಕ್ಷೆ ಸಮಯದಲ್ಲಿ ಅದಕ್ಕೆ ಕೈ ಹಾಕುವುದು ಬೇಡ ಅಂತ ಮುಂದಕ್ಕೆ ಹಾಕಿದ್ದಾರೆ.

ಒಂದು ವರ್ಷಕ್ಕೆ ಮಾತು ಕೊಟ್ಟರೆ ಮಷೀನಿನ ದರ ಕಡಿಮೆ ಆಗುತ್ತಂತಲ್ಲ ಅಂತ ಗೆಳೆಯ ಕೇಳಿದ. ಆಗುತ್ತದೆ. ಆದರೆ ಜುಲೈಯಲ್ಲಿ ಹಾಗೆ ಮಾಡಿದ್ದರೆ ಬೇಡದ ಮೂರನೇ ಮಷೀನಿಗೂ ಸೇರಿಸಿ ವರ್ಷದ ಒಪ್ಪಂದ ಆಗುತ್ತಿತ್ತು. ಮೊದಲು ಗುಡಿಸಬೇಕು, ಆಮೇಲೆ ಚೌಕಾಸಿ. ಎರಡು ತಿಂಗಳು ಬಿಲ್ ನಿಂತಲ್ಲಿ ನಿಂತರೆ ಆಗ ನೋಡೋಣ ಅಂದೆ.

ಬಜೆಟ್ ಅಲಾರಂ ಕೂಡ ಇಟ್ಟೆವು. ಅದರ ಬಗ್ಗೆ ಒಂದು ತಪ್ಪು ಕಲ್ಪನೆ ಎಲ್ಲೆಡೆ ಇದೆ. ಬಜೆಟ್ 220 ಅಂತ ಇಟ್ಟರೆ 220ಕ್ಕೆ ಬಿಲ್ ನಿಲ್ಲುವುದಿಲ್ಲ. ಇಮೇಲ್ ಬರುತ್ತದೆ, ಅಷ್ಟೇ. ಮಷೀನ್‌ಗಳು ಓಡುತ್ತಲೇ ಇರುತ್ತವೆ. ಆ ಇಮೇಲೂ ಖರ್ಚಾದ ಕ್ಷಣಕ್ಕೆ ಬರುವುದಿಲ್ಲ, ಲೆಕ್ಕ ಬಂದು ಸೇರಲು ಹಲವು ಗಂಟೆ ಹಿಡಿಯುತ್ತದೆ. ಜೊತೆಗೆ ಆ ಇಮೇಲ್ ಯಾರಿಗೆ ಹೋಗುತ್ತದೆ ಅನ್ನುವುದೂ ಮುಖ್ಯ. ಹಳೇ ಅಲಾರಂ ಒಂದು ಮೊದಲೇ ಇತ್ತು. ಕೆಲಸ ಬಿಟ್ಟು ಹೋದವರ ವಿಳಾಸಕ್ಕೆ ಐದು ತಿಂಗಳಿಂದ ತಪ್ಪದೆ ಹೋಗುತ್ತಿತ್ತು.

ಇದೆಲ್ಲ ಮುಗಿದಾಗ ಆಗಸ್ಟ್ 12. ಸೆಪ್ಟೆಂಬರ್ ಮೊದಲ ವಾರ ಗೆಳೆಯನ ಫೋನ್ ಮತ್ತೆ ಬಂತು. "ಎಸ್3 ಇಪ್ಪತ್ತು ಡಾಲರ್ ಆಗುತ್ತೆ ಅಂದಿದ್ಯಲ್ಲೋ, ನಲವತ್ತೆಂಟು ಬಂದಿದೆ. ಅಳಿಸಿದ್ದು ಸರಿಯಾಗಿ ಹೋಗಿಲ್ವಾ?" ಹೋಗಿದೆ. ಆಗಸ್ಟ್‌ನ ಮೊದಲ ಹನ್ನೊಂದು ದಿನ ಆ ರಾಶಿ ಅಲ್ಲೇ ಇತ್ತಲ್ಲ, ಆ ದಿನಗಳ ಬಾಡಿಗೆ ಸರಾಸರಿಯಲ್ಲಿ ಸೇರಿದೆ. ಇಪ್ಪತ್ತು ಅನ್ನುವ ಅಂಕಿ ಸೆಪ್ಟೆಂಬರ್ ಬಿಲ್ಲಿನಲ್ಲಿ ಬರುತ್ತದೆ, ಅಕ್ಟೋಬರ್‌ನಲ್ಲಿ ನೋಡು ಅಂದೆ.